ಕಲ್ಲು, ಹುಲ್ಲು, ಹದ: ಬ್ಲೆಂಡರ್‌ನಲ್ಲಿ ನೆಲ ತುಂಬುವ ವಿದ್ಯೆ ಬೆಳೆದ ಬಗೆ

ಬ್ಲೆಂಡರ್ ಬಳಸುವವರ ನಡುವೆ ಈಗ ಒಂದು ಮಾತು ಚಾಲ್ತಿಯಲ್ಲಿದೆ. ಜಿಯೊಮೆಟ್ರಿ ನೋಡ್ಸ್ ಬಂದ ಮೇಲೆ ಗುಡ್ಡದ ತುಂಬ ಕಲ್ಲು, ಹುಲ್ಲು ಹರಡುವುದೆಲ್ಲ ರ್‍ಯಾಂಡಮ್ ಸಂಖ್ಯೆಗಳ ಕೆಲಸ, ಸೀಡ್ ಬದಲಾಯಿಸುತ್ತ ಹೋದರೆ ಯಾವುದಾದರೂ ಒಂದು ಚೆನ್ನಾಗಿ ಕಾಣುತ್ತದೆ ಎನ್ನುವ ಮಾತು. ಹೊಸಬರ ಕೆಲಸಗಳಲ್ಲಿ ಇದರ ಫಲ ಎದ್ದು ಕಾಣುತ್ತದೆ: ಬಂಡೆಯ ನೆತ್ತಿಯ ಮೇಲೂ ಕಾಲುದಾರಿಯ ಮೇಲೂ ಒಂದೇ ದಟ್ಟಣೆಯ ಹುಲ್ಲು. ಈ ವಿದ್ಯೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಚೆಲ್ಲುವುದು ಮೊದಲಿನಿಂದಲೂ ಸುಲಭವಾಗಿತ್ತು. ಎಲ್ಲಿ ಚೆಲ್ಲಬಾರದು ಎಂದು ಯಂತ್ರಕ್ಕೆ ತಿಳಿಸುವ ದಾರಿಗಳನ್ನು ಹುಡುಕುತ್ತಲೇ ಇದು ಬೆಳೆಯಿತು.

ಆರಂಭದ ಘಟ್ಟವನ್ನು ಬೇಗ ದಾಟಬಹುದು. ಲ್ಯೂಕಾಸ್‌ಫಿಲ್ಮ್‌ನ ವಿಲಿಯಂ ರೀವ್ಸ್ ಪಾರ್ಟಿಕಲ್ ಸಿಸ್ಟಮ್ ಕುರಿತ ಪ್ರಬಂಧ ಪ್ರಕಟಿಸಿದ್ದು 1983ರಲ್ಲಿ. ಮರುವರ್ಷ ‘ದಿ ಅಡ್ವೆಂಚರ್ಸ್ ಆಫ್ ಆಂಡ್ರೆ ಅಂಡ್ ವಾಲಿ ಬಿ.’ ಎಂಬ ಕಿರುಚಿತ್ರದ ಕಾಡು ಇದೇ ವಿಧಾನದಿಂದ ಬೆಳೆಯಿತು. 2007ರಲ್ಲಿ ರಾಬರ್ಟ್ ಬ್ರಿಡ್ಸನ್ ಪಾಯ್ಸನ್ ಡಿಸ್ಕ್ ಮಾದರಿಗೆ ವೇಗದ ವಿಧಾನವೊಂದನ್ನು ಕೊಟ್ಟರು. ಯಾವ ಎರಡು ಬಿಂದುಗಳೂ ಗೊತ್ತುಪಡಿಸಿದ ಅಂತರಕ್ಕಿಂತ ಹತ್ತಿರ ಬರಬಾರದು ಎನ್ನುವುದು ಈ ಮಾದರಿಯ ನಿಯಮ. ಕಲ್ಲಿನ ಮೇಲೆ ಕಲ್ಲು ಹೇರದಂತೆ ಇಂದು ನಾವು ಬಳಸುವ ಆಯ್ಕೆಯೂ ಈ ನಿಯಮದ್ದೇ.

ಬ್ಲೆಂಡರ್ ಮಟ್ಟಿಗೆ ಮುಖ್ಯ ತಿರುವು 2008. ‘ಬಿಗ್ ಬಕ್ ಬನ್ನಿ’ ಚಿತ್ರಕ್ಕಾಗಿ ಆದ ಕೆಲಸದಿಂದ 2.46 ಆವೃತ್ತಿಗೆ ಹೊಸ ಪಾರ್ಟಿಕಲ್ ವ್ಯವಸ್ಥೆ ಬಂತು. ನಮ್ಮ ತಲೆಮಾರು ಹುಲ್ಲು ಬೆಳೆಸಲು ಕಲಿತದ್ದು ಅದರ ಹೇರ್ ಪಾರ್ಟಿಕಲ್‌ಗಳಲ್ಲಿ. ನೆಲದ ಮೆಶ್ ಮೇಲೆ ವೆಯ್ಟ್ ಪೇಂಟ್ ಮಾಡುವುದು, ಆ ವರ್ಟೆಕ್ಸ್ ಗ್ರೂಪನ್ನು ಡೆನ್ಸಿಟಿಯ ಜಾಗದಲ್ಲಿ ಆರಿಸುವುದು, ಕೆಂಪಿದ್ದಲ್ಲಿ ಹುಲ್ಲು, ನೀಲಿಯಿದ್ದಲ್ಲಿ ಬರಿ ನೆಲ. ಕೈಯಿಂದ ಬಳಿದ ಬಣ್ಣವೇ ನೆಲದ ಗುಣವನ್ನು ಹೇಳಬೇಕು ಎನ್ನುವ ಪಾಠ ಅಲ್ಲಿಯದು. ಆದರೆ ಆ ವ್ಯವಸ್ಥೆ ಕೇಳುತ್ತಿದ್ದುದು ಒಟ್ಟು ಸಂಖ್ಯೆಯನ್ನು. ಹತ್ತು ಸಾವಿರ ಎಂದು ಕೊಟ್ಟ ಮೇಲೆ ನೆಲವನ್ನು ಇಮ್ಮಡಿ ಅಗಲಿಸಿದರೆ ಅಷ್ಟೇ ಹುಲ್ಲು ತೆಳ್ಳಗೆ ಹರಡಿಕೊಳ್ಳುತ್ತಿತ್ತು.

2021ರ ಫೆಬ್ರವರಿಯಲ್ಲಿ 2.92 ಆವೃತ್ತಿಯೊಂದಿಗೆ ಜಿಯೊಮೆಟ್ರಿ ನೋಡ್ಸ್ ಬಂದಾಗ ಈ ಲೆಕ್ಕ ಬದಲಾಯಿತು. ಈಗ ಡೆನ್ಸಿಟಿ ಎಂದರೆ ಚದರ ಮೀಟರಿಗೆ ಎಷ್ಟು ಎಂದರ್ಥ. ನೆಲ ಬೆಳೆದರೆ ಹುಲ್ಲೂ ಬೆಳೆಯುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ 3.0 ಆವೃತ್ತಿ ತಂದ ಫೀಲ್ಡ್‌ಗಳು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡ ಹೆಜ್ಜೆ. ಅದಕ್ಕೆ ಮುನ್ನ ಪ್ರತಿ ಹಂತದಲ್ಲೂ ಆಟ್ರಿಬ್ಯೂಟ್‌ನ ಹೆಸರನ್ನು ಬರೆದುಕೊಡಬೇಕಿತ್ತು. ಫೀಲ್ಡ್ ಬಂದ ಮೇಲೆ ಬೆಲೆಯೊಂದನ್ನು ತಂತಿಯಂತೆ ಎಳೆದು ಬೇಕಾದಲ್ಲಿ ಜೋಡಿಸಬಹುದಾಯಿತು. ವರ್ಟೆಕ್ಸ್ ಗ್ರೂಪಿಗೆ ಹೊಸ ಜೀವ ಬಂದದ್ದು ಇಲ್ಲಿ. ಇದನ್ನು ಗಮನಿಸಿದವರು ಕಡಿಮೆ, ಹಾಗಾಗಿ ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ.

ರಾಮನಗರದ ಕಡೆಯಂಥ ಕಲ್ಲುಗುಡ್ಡದ ಒಂದು ಇಳಿಜಾರು, 20 ಮೀಟರ್ ಉದ್ದ, 20 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ನೆತ್ತಿಯಲ್ಲಿ ಬೋಳು ಬಂಡೆ, ಕೆಳಗೆ ಮಣ್ಣು ನಿಂತ ಜಾಗ, ನಡುವೆ ಒಂದು ಕಾಲುದಾರಿ. `grass` ಎಂಬ ಗ್ರೂಪಿನಲ್ಲಿ ಮಣ್ಣಿರುವ ಕಡೆ 1, ಬಂಡೆ ಮತ್ತು ದಾರಿಯ ಮೇಲೆ 0 ಬಳಿಯಿರಿ. `rock` ಎಂಬ ಇನ್ನೊಂದರಲ್ಲಿ ಉರುಳಿದ ಕಲ್ಲು ಬಂದು ನಿಲ್ಲುವ ಬುಡದಲ್ಲಿ 1, ಇಳಿಜಾರಿನಲ್ಲಿ 0.2ರಷ್ಟು ಬಳಿಯಿರಿ. `Distribute Points on Faces` ನೋಡ್‌ನಲ್ಲಿ ಹುಲ್ಲಿಗೆ `Random` ವಿಧಾನ ಸಾಕು. `Named Attribute` ನೋಡ್‌ನಿಂದ `grass` ತೂಕವನ್ನು ತಂದು, 60ರಿಂದ ಗುಣಿಸಿ, `Density`ಗೆ ಕೊಡಿ. ಎಲ್ಲೆಡೆ ತೂಕ 1 ಇದ್ದಿದ್ದರೆ 400 ಚದರ ಮೀಟರಿಗೆ 24,000 ಕುಚ್ಚು ಹುಲ್ಲು ಬರುತ್ತಿತ್ತು. ಬಳಿದ ಬಣ್ಣಕ್ಕೆ ತಕ್ಕಂತೆ ಅದು ಇಳಿಯುತ್ತದೆ. ಕಲ್ಲಿಗೆ `Poisson Disk` ಆರಿಸಿ, `rock` ತೂಕವನ್ನು `Density Factor`ಗೆ ಜೋಡಿಸಿ.

ಈ ತೂಕ ಅಲ್ಲಿಗೇ ಮುಗಿಯುವುದಿಲ್ಲ. ಹುಟ್ಟಿದ ಪ್ರತಿ ಬಿಂದುವೂ ತಾನು ನಿಂತ ಜಾಗದ ತೂಕವನ್ನು ಜೊತೆಗೆ ಒಯ್ಯುತ್ತದೆ. ಅದನ್ನೇ `Instance on Points` ನೋಡ್‌ನ `Scale`ಗೂ ಬಳಸಿದರೆ ದಾರಿಯ ಅಂಚಿನ ಹುಲ್ಲು ವಿರಳವಾಗುವುದರ ಜೊತೆಗೆ ಗಿಡ್ಡವೂ ಆಗುತ್ತದೆ. ತುಳಿದ ನೆಲದ ಅಂಚು ನಿಜವಾಗಿ ಹಾಗೆಯೇ ಇರುತ್ತದೆ. ಒಂದೇ ಬಣ್ಣದಿಂದ ಎರಡು ಕೆಲಸ ಆಗುತ್ತದೆ, ಎಷ್ಟು ಸೀಡ್ ಬದಲಿಸಿದರೂ ಇದು ಸಿಗುವುದಿಲ್ಲ.

ರ್‍ಯಾಂಡಮ್ ಅಳತೆಯಲ್ಲೂ ಇಂಥದೇ ತಪ್ಪು ತಿಳಿವಳಿಕೆಯಿದೆ. `Random Value` ನೋಡ್‌ನಲ್ಲಿ ಕನಿಷ್ಠ 0.15, ಗರಿಷ್ಠ 1.2 ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಆಗ ಎಲ್ಲ ಅಳತೆಗಳೂ ಸಮಪಾಲು ಬರುತ್ತವೆ, ಅರ್ಧಕ್ಕರ್ಧ ಕಲ್ಲುಗಳು 0.675ಕ್ಕಿಂತ ದೊಡ್ಡವಾಗುತ್ತವೆ. ನಿಜವಾದ ಗುಡ್ಡದಲ್ಲಿ ಚೂರುಗಳು ರಾಶಿ, ಗುಂಡುಗಳು ಅಪರೂಪ. 0ರಿಂದ 1ರ ನಡುವಿನ ಸಂಖ್ಯೆಯನ್ನು ಪಡೆದು ಘನ ಮಾಡಿ:

```
scale = 0.15 + 1.05 * r**3
```

ಈಗ ಅರ್ಧದಷ್ಟು ಕಲ್ಲುಗಳು 0.28ಕ್ಕಿಂತ ಚಿಕ್ಕವಾಗಿ, ಹತ್ತರಲ್ಲೊಂದು ಮಾತ್ರ 0.91 ದಾಟುತ್ತದೆ. ನೋಡಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ, ಕಣ್ಣು ದೊಡ್ಡ ಕಲ್ಲಿನ ಮೇಲೆ ನಿಲ್ಲುತ್ತದೆ.

ಎಡವುವ ಜಾಗಗಳಲ್ಲಿ ಎರಡನ್ನು ಹೇಳಲೇಬೇಕು. 2 ಮೀಟರಿನ ಪ್ಲೇನನ್ನು ಹತ್ತುಪಟ್ಟು ಹಿಗ್ಗಿಸಿ, `Ctrl+A` ಒತ್ತಿ ಸ್ಕೇಲ್ ಅಪ್ಲೈ ಮಾಡದಿದ್ದರೆ ನೋಡ್‌ಗಳ ಲೆಕ್ಕಕ್ಕೆ ನೆಲ ಇನ್ನೂ 4 ಚದರ ಮೀಟರ್. 24,000ದ ಜಾಗದಲ್ಲಿ 240 ಕುಚ್ಚು ಬರುತ್ತವೆ, ಪ್ರತಿಯೊಂದೂ ಹತ್ತುಪಟ್ಟು ದೊಡ್ಡದಾಗಿ. ಸ್ಪ್ರೆಡ್‌ಶೀಟ್ ತೆರೆದು ಇನ್‌ಸ್ಟನ್ಸ್‌ಗಳ ಎಣಿಕೆ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಇನ್ನೊಂದು, ತೂಕ ಇರುವುದು ವರ್ಟೆಕ್ಸ್‌ಗಳಲ್ಲಿ ಮಾತ್ರ. ಅವುಗಳ ನಡುವೆ ಒಂದು ಮೀಟರ್ ಅಂತರವಿದ್ದರೆ 40 ಸೆಂಟಿಮೀಟರಿನ ಕಾಲುದಾರಿಯನ್ನು ಬಳಿಯಲಾಗದು, ಹುಲ್ಲು ದಾರಿಯೊಳಗೆ ಮಸುಕಾಗಿ ನುಗ್ಗುತ್ತದೆ. ಬಳಿಯುವ ಮೊದಲೇ ಮೆಶ್ಶನ್ನು ಸಬ್‌ಡಿವೈಡ್ ಮಾಡಿ, 20 ಸೆಂಟಿಮೀಟರಿಗೊಂದು ವರ್ಟೆಕ್ಸ್ ಬರುವಂತೆ ಇಟ್ಟುಕೊಳ್ಳುವುದು ಲೇಸು. ಬಳಿದ ನಂತರ ಸಬ್‌ಡಿವೈಡ್ ಮಾಡಿದರೆ ಹಳೆಯ ಮಸುಕೇ ಸಣ್ಣ ಸಣ್ಣ ಹಂತಗಳಲ್ಲಿ ಉಳಿಯುತ್ತದೆ.

ಇಷ್ಟಾದರೂ ಒಂದು ಕೊರತೆ ಹಾಗೆಯೇ ಇದೆ. ಪಾಯ್ಸನ್ ವಿಧಾನದ `Distance Min` ಇಡೀ ನೆಲಕ್ಕೆ ಒಂದೇ ಸಂಖ್ಯೆ, ಅದಕ್ಕೆ ಫೀಲ್ಡ್ ಜೋಡಿಸಲಾಗದು. ಅಳತೆ ನಿರ್ಧಾರವಾಗುವುದು ಜಾಗ ಹಂಚಿದ ಮೇಲೆ. ಹಾಗಾಗಿ ಗುಂಡಿಗೆ ಎಷ್ಟು ಜಾಗ ಬೇಕು, ಚೂರಿಗೆ ಎಷ್ಟು ಸಾಕು ಎನ್ನುವುದು ಹಂಚುವ ಹೊತ್ತಿಗೆ ಗೊತ್ತಿರುವುದಿಲ್ಲ, ಎರಡು ಗುಂಡುಗಳು ಒಂದರೊಳಗೊಂದು ಹೂತುಕೊಳ್ಳುತ್ತವೆ. ಬಲ್ಲವರು ಪದರ ಪದರವಾಗಿ ಹರಡುತ್ತಾರೆ: ಮೊದಲು ದೊಡ್ಡ ಕಲ್ಲು, ಆಮೇಲೆ ಚೂರು, ಕೊನೆಗೆ ಹುಲ್ಲು. ದೊಡ್ಡ ಕಲ್ಲುಗಳನ್ನು `Realize Instances` ಮೂಲಕ ನಿಜವಾದ ಮೆಶ್ ಮಾಡಿ, `Geometry Proximity`ಯಿಂದ ದೂರ ಅಳೆದು, ಅವುಗಳ ಪಕ್ಕಕ್ಕೆ ಬಿದ್ದ ಹುಲ್ಲಿನ ಬಿಂದುಗಳನ್ನು ಅಳಿಸುತ್ತಾರೆ. ಕೆಲವು ನೂರು ಕಲ್ಲಿನವರೆಗೆ ಇದು ನಡೆಯುತ್ತದೆ. ಸಾವಿರಾರು ಆದಾಗ, ಒಂದೇ ಪ್ರತಿಯನ್ನು ಎಲ್ಲೆಡೆ ತೋರಿಸಿ ಉಳಿಸಿದ ಮೆಮೊರಿಯೆಲ್ಲ ಕೈಬಿಡುತ್ತದೆ.

ಸೀಡ್‌ಗಳ ಬಗ್ಗೆ ಆಗುತ್ತಿರುವಷ್ಟು ಚರ್ಚೆ ಈ ಕೊರತೆಯ ಬಗ್ಗೆ ಆಗಿಲ್ಲ. ಮುಂದಿನ ಹೆಜ್ಜೆ ಅಲ್ಲೇ ಇದೆ: ಬಿಂದುವಿಗೊಂದು ಅಂತರ ಕೊಡುವ ಅವಕಾಶ ಬಂದರೆ, ಕೈಯಿಂದ ಬಳಿದ ತೂಕವೇ ದಟ್ಟಣೆ, ಅಳತೆ, ಅಂತರ ಮೂರನ್ನೂ ಆಳಬಲ್ಲದು. ಅಲ್ಲಿಯವರೆಗೆ ಕಲಿಸುವವರು ಮೊದಲ ಪಾಠವನ್ನು ವೆಯ್ಟ್ ಪೇಂಟ್‌ನಿಂದ ಶುರುಮಾಡಲಿ, ರ್‍ಯಾಂಡಮ್ ಅದರ ನಂತರ ಬರಲಿ.