ಎಣ್ಣೆ ಎಷ್ಟು, ಎಣ್ಣೆ ಯಾವುದು? ಕೊಲೆಸ್ಟರಾಲ್ ಪಥ್ಯದ ಎಪ್ಪತ್ತು ವರ್ಷ

ಗೋಕಾಕ ಫಾಲ್ಸ್‌ಗೆ ಹೋದವರು ಘಟಪ್ರಭೆಯ ಧುಮುಕು, ತೂಗುಸೇತುವೆ ಮತ್ತು ಹಳೆಯ ನೂಲಿನ ಗಿರಣಿಯನ್ನು ನೋಡಿ, ಗೋಕಾಕದಲ್ಲಿ ಕರದಂಟು ಕಟ್ಟಿಸಿಕೊಂಡು ಬರುವುದು ವಾಡಿಕೆ. ಈ ಸೀಮೆಯ ನಿತ್ಯದ ಊಟವೆಂದರೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಶೇಂಗಾ ಅಥವಾ ಅಗಸಿ ಹಿಂಡಿ. ಅದರ ಮೇಲೆ ಒಂದಿಷ್ಟು ಕುಸುಬೆ ಎಣ್ಣೆ. ಈ ಊಟ ಮಾಡುವವರ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದೆ ಎಂದು ವರದಿ ಬಂದರೆ ಮೊದಲು ಕೇಳಿಬರುವ ಮಾತು ‘ಎಣ್ಣೆ ಬಿಡಿ’ ಎಂಬುದು. ಎಣ್ಣೆಯ ಜೊತೆ ಶೇಂಗಾ ಹೋಗುತ್ತದೆ, ಹಿಂಡಿ ಹೋಗುತ್ತದೆ. ಅವುಗಳ ಜಾಗಕ್ಕೆ ಹೆಚ್ಚುವರಿ ಅನ್ನ, ಬಿಸ್ಕತ್ತು, ಚಹಾದೊಡನೆ ಟೋಸ್ಟು ಬರುತ್ತವೆ. ಇದರಿಂದ ಕೊಲೆಸ್ಟರಾಲಿಗೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗಲು ವಿಜ್ಞಾನಕ್ಕೆ ಹಲವು ದಶಕಗಳೇ ಬೇಕಾದವು.

ಕ್ರೀಟ್ ಮತ್ತು ಫಿನ್ಲೆಂಡ್

ಅಮೆರಿಕದ ಮಿನ್ನೆಸೋಟದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ 1952ರಲ್ಲಿ ಇಟಲಿಯ ನೇಪಲ್ಸ್‌ಗೆ ಹೋದರು. ಅಲ್ಲಿಯ ಸಾಮಾನ್ಯ ಕೆಲಸಗಾರರಲ್ಲಿ ಹೃದಯಾಘಾತ ಅಪರೂಪವೆಂದು ಅವರಿಗೆ ತಿಳಿದುಬಂದಿತ್ತು. ಇದರ ಬೆನ್ನುಹತ್ತಿ 1958ರಲ್ಲಿ ಅವರು ಏಳು ದೇಶಗಳ ಅಧ್ಯಯನವನ್ನು ಆರಂಭಿಸಿದರು. ಅಮೆರಿಕ, ಫಿನ್ಲೆಂಡ್, ನೆದರ್ಲೆಂಡ್ಸ್, ಇಟಲಿ, ಯುಗೋಸ್ಲಾವಿಯ, ಗ್ರೀಸ್ ಮತ್ತು ಜಪಾನಿನ 12,000ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಲಾಯಿತು.

ಅದರಲ್ಲಿ ಎರಡು ಜಾಗಗಳ ಹೋಲಿಕೆ ಕುತೂಹಲಕರವಾಗಿತ್ತು. ಗ್ರೀಸಿನ ಕ್ರೀಟ್ ದ್ವೀಪದವರೂ ಪೂರ್ವ ಫಿನ್ಲೆಂಡಿನವರೂ ತಮ್ಮ ಆಹಾರ ಶಕ್ತಿಯ ಸುಮಾರು ಶೇಕಡಾ 40 ಭಾಗವನ್ನು ಜಿಡ್ಡಿನಿಂದಲೇ ಪಡೆಯುತ್ತಿದ್ದರು. ಪ್ರಮಾಣ ಒಂದೇ. ಆದರೆ ಹೃದಯಾಘಾತದ ಸಾವು ಫಿನ್ಲೆಂಡಿನಲ್ಲಿ ವಿಪರೀತ, ಕ್ರೀಟಿನಲ್ಲಿ ತೀರಾ ಕಡಿಮೆ. ವ್ಯತ್ಯಾಸವಿದ್ದದ್ದು ಜಿಡ್ಡಿನ ಬಗೆಯಲ್ಲಿ. ಫಿನ್ಲೆಂಡಿನವರದು ಬೆಣ್ಣೆ ಮತ್ತು ಹಾಲಿನ ಕೆನೆ, ಅಂದರೆ ಪರ್ಯಾಪ್ತ ಕೊಬ್ಬು. ಕ್ರೀಟಿನವರದು ಆಲಿವ್ ಎಣ್ಣೆ. ಅದರ ಹೆಚ್ಚು ಭಾಗ ಓಲಿಯಿಕ್ ಆಮ್ಲವೆಂಬ ಅಪರ್ಯಾಪ್ತ ಕೊಬ್ಬು. ಜೊತೆಗೆ ಸೊಪ್ಪು, ತರಕಾರಿ, ಕಾಳು, ಸ್ವಲ್ಪ ಮೀನು.

ಪರ್ಯಾಪ್ತ ಕೊಬ್ಬಿನ ತೊಂದರೆ ಏನು? ಕೊಲೆಸ್ಟರಾಲನ್ನು ರಕ್ತದಲ್ಲಿ ಹೊತ್ತು ತಿರುಗುವ ಕಣಗಳಲ್ಲಿ ಎಲ್‌ಡಿಎಲ್ ಮುಖ್ಯವಾದದ್ದು. ಈ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲೆ ಇರುತ್ತವೆ. ಪರ್ಯಾಪ್ತ ಕೊಬ್ಬು ಹೆಚ್ಚಾದರೆ ಗ್ರಾಹಕಗಳು ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿದು ಧಮನಿಯ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಅಪರ್ಯಾಪ್ತ ಎಣ್ಣೆ ಆ ಜಾಗಕ್ಕೆ ಬಂದರೆ ಗ್ರಾಹಕಗಳು ಮತ್ತೆ ಹೆಚ್ಚುತ್ತವೆ.

ಸಲಹೆ ಸರಳವಾದಾಗ

ಕ್ರೀಟಿನ ಪಾಠ ಜನರನ್ನು ಮುಟ್ಟುವಾಗ ಬದಲಾಯಿತು. 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಪ್ರಕಟಿಸಿದ ಆಹಾರ ಗುರಿಗಳಲ್ಲಿ ಪರ್ಯಾಪ್ತ ಕೊಬ್ಬಿನ ಮಾತೂ ಇತ್ತು. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು ಒಟ್ಟು ಜಿಡ್ಡನ್ನು ಶೇಕಡಾ 30ಕ್ಕೆ ಇಳಿಸಿ, ಪಿಷ್ಟವನ್ನು ಹೆಚ್ಚಿಸಿ ಎಂಬ ಅಂಶ. ಯಾವ ಜಿಡ್ಡು ಎಂದು ವಿವರಿಸುವುದಕ್ಕಿಂತ ಜಿಡ್ಡು ಬಿಡಿ ಎನ್ನುವುದು ಸುಲಭ. ಈ ಸರಳ ಸಲಹೆ ಲೋಕವೆಲ್ಲ ಸುತ್ತಿ ನಮ್ಮೂರಿನ ದವಾಖಾನೆಗಳಿಗೂ ತಲುಪಿತು.

ಇದನ್ನು ಒರೆಗೆ ಹಚ್ಚಿದವರು ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್. 1987ರಲ್ಲಿ ಪ್ರಕಟವಾದ ಅವರ ಪ್ರಯೋಗ ಚಿಕ್ಕದು, ಆದರೆ ಅಚ್ಚುಕಟ್ಟಾದದ್ದು. 48 ಆರೋಗ್ಯವಂತರಿಗೆ ಮೊದಲು 17 ದಿನ ಪರ್ಯಾಪ್ತ ಕೊಬ್ಬು ಹೆಚ್ಚಿರುವ ಊಟ ಕೊಟ್ಟರು. ಆಮೇಲೆ ಅವರನ್ನು ಎರಡು ಗುಂಪು ಮಾಡಿ 36 ದಿನ ಬೇರೆ ಬೇರೆ ಊಟ ಕೊಟ್ಟರು. ಒಂದು ಗುಂಪಿಗೆ ಜಿಡ್ಡು ಕಡಿಮೆ, ಪಿಷ್ಟ ಮತ್ತು ನಾರು ಹೆಚ್ಚು. ಇನ್ನೊಂದಕ್ಕೆ ಜಿಡ್ಡು ಧಾರಾಳ, ಆದರೆ ಬಹುಪಾಲು ಆಲಿವ್ ಎಣ್ಣೆ.

ಒಟ್ಟು ಕೊಲೆಸ್ಟರಾಲ್ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮ, ಅಂದರೆ ಡೆಸಿಲೀಟರಿಗೆ ಸುಮಾರು 17-18 ಮಿಲಿಗ್ರಾಂ ಇಳಿಯಿತು. ಆದರೆ ಅಂಗಾಂಶಗಳಿಂದ ಕೊಲೆಸ್ಟರಾಲನ್ನು ಹಿಂದಕ್ಕೆ ಸಾಗಿಸುವ ಎಚ್‌ಡಿಎಲ್ ಕಡಿಮೆ ಜಿಡ್ಡಿನ ಗುಂಪಿನಲ್ಲಿ ಸುಮಾರು 7 ಮಿಲಿಗ್ರಾಂ ಕುಸಿಯಿತು, ಟ್ರೈಗ್ಲಿಸರೈಡ್ ಏರಿತು. ಆಲಿವ್ ಗುಂಪಿನಲ್ಲಿ ಎಚ್‌ಡಿಎಲ್ ತುಸು ಏರಿತು, ಟ್ರೈಗ್ಲಿಸರೈಡ್ ಇಳಿಯಿತು.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬರ ಒಟ್ಟು ಕೊಲೆಸ್ಟರಾಲ್ 220, ಎಚ್‌ಡಿಎಲ್ 45 ಎಂದುಕೊಳ್ಳಿ. ಇವುಗಳ ಅನುಪಾತ 4.9. ಈ ಅನುಪಾತ ಕಡಿಮೆಯಿದ್ದಷ್ಟೂ ಒಳ್ಳೆಯದು. ಕಡಿಮೆ ಜಿಡ್ಡಿನ ಪಥ್ಯದಲ್ಲಿ ಒಟ್ಟು 203ಕ್ಕೂ ಎಚ್‌ಡಿಎಲ್ 38ಕ್ಕೂ ಇಳಿದರೆ ಅನುಪಾತ 5.3 ಆಗುತ್ತದೆ. ಆಲಿವ್ ಪಥ್ಯದಲ್ಲಿ ಒಟ್ಟು 202, ಎಚ್‌ಡಿಎಲ್ 46 ಆದರೆ ಅನುಪಾತ 4.4. ವರದಿಯ ಮೊದಲ ಸಾಲನ್ನಷ್ಟೇ ಓದಿದವರಿಗೆ ಎರಡೂ ಪಥ್ಯ ಸಮವಾಗಿ ಗೆದ್ದಂತೆ ಕಾಣುತ್ತದೆ. ಕೆಳಗಿನ ಸಾಲುಗಳು ಬೇರೆ ಕಥೆ ಹೇಳುತ್ತವೆ. ಕಾರಣವೂ ತಿಳಿದದ್ದೇ. ಹೆಚ್ಚುವರಿ ಪಿಷ್ಟ ಮತ್ತು ಸಕ್ಕರೆಯಿಂದ ಯಕೃತ್ತು ಕೊಬ್ಬು ತಯಾರಿಸಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರಿದಾಗ ಎಚ್‌ಡಿಎಲ್ ಸಾಮಾನ್ಯವಾಗಿ ಇಳಿಯುತ್ತದೆ.

ಅಂಕಿಯಿಂದ ಹೃದಯದ ಕಡೆಗೆ

ಅಂಕಿ ಸುಧಾರಿಸಿದರೆ ಹೃದಯಾಘಾತ ತಪ್ಪೀತೇ? ಹಾಗೆಂದು ನಂಬಿ ಕೂರುವಂತಿಲ್ಲ. ಎಚ್‌ಡಿಎಲ್ಲನ್ನು ಗಣನೀಯವಾಗಿ ಏರಿಸುತ್ತಿದ್ದ ಟಾರ್ಸೆಟ್ರಾಪಿಬ್ ಎಂಬ ಔಷಧಿಯ ಪ್ರಯೋಗವನ್ನು 2006ರಲ್ಲಿ ನಿಲ್ಲಿಸಬೇಕಾಯಿತು. ಅದನ್ನು ತೆಗೆದುಕೊಂಡವರಲ್ಲೇ ಸಾವು ಹೆಚ್ಚಾಗಿತ್ತು. ಎಚ್‌ಡಿಎಲ್ ಒಂದು ಸೂಚಕ ಮಾತ್ರ. ಆದ್ದರಿಂದ ಊಟವನ್ನೇ ಹೋಲಿಸಿ, ಆಘಾತಗಳನ್ನೇ ಎಣಿಸಬೇಕಾಗಿತ್ತು.

ಸ್ಪೇನಿನ ಪ್ರೆಡಿಮೆಡ್ ಪ್ರಯೋಗ ಅಂಥದ್ದು. ಅಪಾಯದ ಅಂಚಿನಲ್ಲಿದ್ದ 7,447 ಜನರಲ್ಲಿ ಒಂದು ಗುಂಪಿಗೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ ಮುಂತಾದ ಬೀಜಗಳನ್ನು ಕೊಟ್ಟು ಮೆಡಿಟರೇನಿಯನ್ ಊಟ ಮಾಡಿಸಿದರು. ಮೂರನೆಯ ಗುಂಪಿಗೆ ಜಿಡ್ಡು ಕಡಿಮೆ ಮಾಡುವ ಸಲಹೆ ಕೊಟ್ಟರು. ಮೊದಲೆರಡು ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಅವುಗಳಿಂದಾಗುವ ಸಾವು ಸುಮಾರು ಶೇಕಡಾ 30 ಕಡಿಮೆ ಎಂದು 2013ರಲ್ಲಿ ಪ್ರಕಟವಾಯಿತು. ಆದರೆ ಕೆಲವು ಕಡೆ ಒಂದೇ ಮನೆಯವರನ್ನು, ಒಂದು ಕಡೆ ಇಡೀ ಚಿಕಿತ್ಸಾಲಯದವರನ್ನು ಒಂದೇ ಗುಂಪಿಗೆ ಹಾಕಿದ್ದು ಬಯಲಾಯಿತು. 2018ರಲ್ಲಿ ಲೇಖನವನ್ನು ಹಿಂಪಡೆದು, ಲೆಕ್ಕವನ್ನು ಮತ್ತೆ ಮಾಡಿ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಇನ್ನೊಂದು ಕೊರತೆ ಉಳಿಯಿತು: ಮೂರನೆಯ ಗುಂಪಿನವರು ಜಿಡ್ಡನ್ನು ನಿಜವಾಗಿ ಕಡಿಮೆ ಮಾಡಿದ್ದು ಅತ್ಯಲ್ಪ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಅದೇ ದೇಶದ ಕಾರ್ಡೋಬಾ ನಗರದ ಪ್ರಯೋಗ. ಈಗಾಗಲೇ ಹೃದ್ರೋಗವಿದ್ದ 1,002 ಜನ, ಏಳು ವರ್ಷ, ಎರಡು ಊಟ. 2022ರ ವರದಿಯಂತೆ ಕಡಿಮೆ ಜಿಡ್ಡಿನ ಗುಂಪಿನಲ್ಲಿ 111 ಜನರಿಗೆ, ಮೆಡಿಟರೇನಿಯನ್ ಗುಂಪಿನಲ್ಲಿ 87 ಜನರಿಗೆ ಹೃದಯ ಅಥವಾ ರಕ್ತನಾಳದ ಗಂಭೀರ ತೊಂದರೆಯಾಯಿತು. ಲಾಭ ಸ್ಪಷ್ಟವಾಗಿ ಕಂಡದ್ದು ಗಂಡಸರಲ್ಲಿ.

ಬೆಂಗಳೂರಿನ ಸುಳಿವು

ಇದು ಯುರೋಪಿನ ಮಾತಾಯಿತು. ನಮ್ಮಲ್ಲಿ? ದೆಹಲಿ ಮತ್ತು ಬೆಂಗಳೂರಿನ ಎಂಟು ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 350 ಜನರ ಊಟವನ್ನು ಬೇರೆ ಕಾಯಿಲೆಗೆ ಬಂದ 700 ಜನರ ಊಟದೊಡನೆ ಹೋಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರುನಾಲ್ಕು ಸಲ ಸೊಪ್ಪು ತಿನ್ನುವವರಲ್ಲಿ ಅಪಾಯ, ಅಪರೂಪಕ್ಕೆ ತಿನ್ನುವವರ ಮೂರನೇ ಒಂದು ಭಾಗದಷ್ಟಿತ್ತು. ಅಡುಗೆಗೆ ಸಾಸಿವೆ ಎಣ್ಣೆ ಬಳಸುವವರಲ್ಲಿ, ಸೂರ್ಯಕಾಂತಿ ಎಣ್ಣೆ ಬಳಸುವವರಿಗಿಂತ ಅರ್ಧದಷ್ಟಿತ್ತು. ಇದು ನೆನಪಿನ ಮೇಲೆ ನಿಂತ ಹೋಲಿಕೆ, ಪ್ರಯೋಗವಲ್ಲ. ಆದರೂ ಇಲ್ಲಿಯೂ ಎದ್ದು ಕಂಡದ್ದು ಎಣ್ಣೆಯ ಬಗೆ. ಸಾಸಿವೆ ಎಣ್ಣೆಯಲ್ಲಿ ಒಮೇಗಾ-3 ಕುಟುಂಬದ ಲಿನೊಲೆನಿಕ್ ಆಮ್ಲವಿದೆ, ಸೂರ್ಯಕಾಂತಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಗೋಕಾಕದ ತಾಟಿನ ಮೇಲೆ

ಈಗ ಮತ್ತೆ ಘಟಪ್ರಭೆಯ ದಂಡೆಗೆ ಬರೋಣ. ಇಲ್ಲಿಯವರು ಆಲಿವ್ ಎಣ್ಣೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ತಾಟಿನಲ್ಲಿರುವುದನ್ನು ಒಂದೊಂದಾಗಿ ನೋಡಬೇಕು.

ಶೇಂಗಾ ಎಣ್ಣೆಯ ಹತ್ತಿರ ಹತ್ತಿರ ಅರ್ಧ ಭಾಗ ಆಲಿವ್ ಎಣ್ಣೆಯಲ್ಲಿರುವ ಓಲಿಯಿಕ್ ಆಮ್ಲವೇ. ಹಳೆಯ ಕುಸುಬೆ ತಳಿಗಳ ಎಣ್ಣೆಯಲ್ಲಿ ನಾಲ್ಕರಲ್ಲಿ ಮೂರು ಭಾಗ ಲಿನೊಲಿಯಿಕ್ ಆಮ್ಲ. ಇದು ಆಲಿವಿನಂಥದ್ದಲ್ಲ, ಆದರೆ ಅಪರ್ಯಾಪ್ತವೇ. ಬೆಣ್ಣೆ ಅಥವಾ ಡಾಲ್ಡಾದ ಬದಲು ಬಳಸಿದರೆ ಎಲ್‌ಡಿಎಲ್ ಇಳಿಸುತ್ತದೆ. ಒಮೇಗಾ-3 ಅದರಲ್ಲಿ ಇಲ್ಲ. ಆ ಕೊರತೆಯನ್ನು ಒಂದಷ್ಟು ತುಂಬುವುದು ಅಗಸಿ ಹಿಂಡಿ, ಏಕೆಂದರೆ ಅಗಸಿ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಲಿನೊಲೆನಿಕ್ ಆಮ್ಲ. ಮೀನಿನಲ್ಲಿರುವ ರೂಪಕ್ಕೆ ಅದು ದೇಹದಲ್ಲಿ ಬದಲಾಗುವುದು ಸ್ವಲ್ಪ ಮಾತ್ರ ಎಂಬುದನ್ನು ಮರೆಯಬಾರದು. ಮಡಿಕೆ, ಹೆಸರು, ಕಡಲೆಯಂಥ ಕಾಳುಗಳಲ್ಲಿ ಕರಗುವ ನಾರು ಇದೆ. ಅದು ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ಎಡವುದೆಲ್ಲಿ? ಒಂದು, ಎಣ್ಣೆಯೇ ಬದಲಾಗಿರುವುದರಲ್ಲಿ. 1994ರ ನಂತರ ಆಮದು ಸುಲಭವಾಗಿ ಪಾಮೋಲಿನ್ ಅಗ್ಗದ ಎಣ್ಣೆಯಾಗಿ ಹರಡಿತು. ಅದರ ಸುಮಾರು ಶೇಕಡಾ 40 ಪರ್ಯಾಪ್ತ ಕೊಬ್ಬು. ಹೊರಗಿನ ಭಜಿ, ಚೂಡಾ, ಬಿಸ್ಕತ್ತುಗಳಲ್ಲಿ ಅದು ಕಣ್ಣಿಗೆ ಕಾಣದೆ ಬರುತ್ತದೆ. ಎರಡು, ಬಿಟ್ಟದ್ದರ ಜಾಗಕ್ಕೆ ಬಂದದ್ದರಲ್ಲಿ. ಶೇಂಗಾ ಬಿಟ್ಟು ಬಿಸ್ಕತ್ತು ಹಿಡಿದರೆ ಮೆನ್ಸಿಂಕ್ ಮತ್ತು ಕಟಾನ್ ಕಂಡ ಫಲಿತಾಂಶಕ್ಕಿಂತಲೂ ಕೆಟ್ಟದ್ದಾದೀತು, ಏಕೆಂದರೆ ಅವರ ಊಟದಲ್ಲಿ ನಾರಾದರೂ ಇತ್ತು. ಕರದಂಟಿನ ವಿಷಯವೂ ಇಷ್ಟೆ. ಅದರೊಳಗಿನ ಬಾದಾಮಿ ಪ್ರೆಡಿಮೆಡ್‌ನವರು ಕೊಟ್ಟದ್ದೇ, ಆದರೆ ಅದನ್ನು ಹಿಡಿದಿಡುವ ಬೆಲ್ಲ, ಅಂಟು ಕರಿಯುವ ತುಪ್ಪ, ಒಣಕೊಬ್ಬರಿ ಅವರ ಪಟ್ಟಿಯಲ್ಲಿರಲಿಲ್ಲ. ಒಂದು ತುಂಡು ಬೀಜಗಳ ಲೆಕ್ಕಕ್ಕಲ್ಲ, ಸಿಹಿಯ ಲೆಕ್ಕಕ್ಕೆ ಸೇರುತ್ತದೆ.

ಪಥ್ಯ ಯಾವ ದಾರಿ ಹಿಡಿದಿದೆ ಎಂದು ತಿಳಿಯಲು ಎರಡು ತಿಂಗಳ ನಂತರದ ರಕ್ತ ಪರೀಕ್ಷೆ ಸಾಕು. ಒಟ್ಟು ಕೊಲೆಸ್ಟರಾಲ್ ಇಳಿದಿದ್ದರೂ ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಕುಸಿದಿದ್ದರೆ, ಎಣ್ಣೆಯ ಜಾಗಕ್ಕೆ ಸಕ್ಕರೆ, ಮೈದಾ, ಅನ್ನ ಬಂದಿವೆಯೇ ಎಂದು ನೋಡಬೇಕು. ಟ್ರೈಗ್ಲಿಸರೈಡ್ ಸರಿಯಿದ್ದು ಎಲ್‌ಡಿಎಲ್ ಮಾತ್ರ ಜಗ್ಗದಿದ್ದರೆ ತುಪ್ಪ, ಕೆನೆ, ಪಾಮೋಲಿನ್‌ಗಳನ್ನು ಹುಡುಕಬೇಕು. ಅವೂ ಇಲ್ಲದೆ ಎಲ್‌ಡಿಎಲ್ 190ರ ಮೇಲೆಯೇ ಉಳಿದರೆ ಅದು ವಂಶವಾಹಿಯ ಕೆಲಸವಿರಬಹುದು. ಆಗ ಯಾವ ಊಟವೂ ಒಂದೇ ಅದನ್ನು ಸಾಕಷ್ಟು ಇಳಿಸಲಾರದು, ವೈದ್ಯರು ಕೊಡುವ ಗುಳಿಗೆ ಬೇಕೇ ಬೇಕು.