ಡಯಟ್ ಚೀಟಿಯಲ್ಲಿ ಬ್ಲಾಂಚ್, ಸಿಮ್ಮರ್, ಬ್ರೇಸ್, ಫೋಲ್ಡ್: ನಮ್ಮ ಅಡುಗೆಮನೆಯಲ್ಲಿ ಇವಕ್ಕೆ ಏನೆನ್ನುತ್ತೇವೆ?

ಮನೆಯಲ್ಲಿ ಕಿಡ್ನಿ ಕಾಯಿಲೆ ಇರುವವರಿದ್ದು, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿದ್ದರೆ, ಡಯಟ್ ಚೀಟಿಯಲ್ಲಿ ‘ತರಕಾರಿ ಬ್ಲಾಂಚ್ ಮಾಡಿ’ ಎಂದು ಬರೆದಿರಬಹುದು. ಅದನ್ನು ಬರೀ ‘ಬೇಯಿಸಿ’ ಎಂದುಕೊಂಡು ಕುಕ್ಕರಿಗೆ ಹಾಕಿದರೆ ಉದ್ದೇಶವೇ ಕೆಡುತ್ತದೆ. ಇಂಥ ಪದ ಕಂಡಾಗ ಮೊದಲು ಕೇಳಿಕೊಳ್ಳಬೇಕಾದದ್ದು: ಬೇಯಿಸಿದ ನೀರು ಎಲ್ಲಿಗೆ ಹೋಗಬೇಕು?

ಬ್ಲಾಂಚ್: ಕುದಿನೀರಿಗೆ ಹಾಕಿ ಬಸಿಯುವುದು

ಸಾಮಾನ್ಯ ಅಡುಗೆಯಲ್ಲಿ ಬ್ಲಾಂಚ್ ಎಂದರೆ ತರಕಾರಿಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬಿಟ್ಟು, ತೆಗೆದು ತಣ್ಣೀರಿಗೆ ಹಾಕುವುದು. ಕಿಡ್ನಿ ರೋಗಿಯ ಚೀಟಿಯಲ್ಲಿ ಇದರ ಅರ್ಥ ಸಾಮಾನ್ಯವಾಗಿ ಇನ್ನೂ ಮುಂದಿನದು: ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದು, ನೀರು ಚೆಲ್ಲುವುದು. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ನೀರಿನ ಜೊತೆ ಅದೂ ಹೋಗಲಿ ಎಂಬುದೇ ಉದ್ದೇಶ.

ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ಸಿಪ್ಪೆ ತೆಗೆದು ಸಣ್ಣ ಹೋಳು ಮಾಡಿ. ದೊಡ್ಡ ಪಾತ್ರೆಯಲ್ಲಿ ಹೋಳುಗಳು ತೇಲಾಡುವಷ್ಟು ನೀರು ಕುದಿಸಿ, ಅದಕ್ಕೆ ಹಾಕಿ, ಮೆತ್ತಗಾಗುವವರೆಗೆ ಬೇಯಿಸಿ. ಆ ನೀರನ್ನು ಪೂರ್ತಿ ಬಸಿದು ಚೆಲ್ಲಿ, ಆಮೇಲೆ ಪಲ್ಯ ಮಾಡಿ. ಇಡೀ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಕುಕ್ಕರಿನಲ್ಲಿ ಬೇಯಿಸಿದರೆ ಪೊಟ್ಯಾಸಿಯಂ ಹೆಚ್ಚಿನಂಶ ಒಳಗೇ ಉಳಿಯುತ್ತದೆ. ತಣ್ಣೀರಿನಲ್ಲಿ ನೆನೆಸಿಟ್ಟರಷ್ಟೇ ಸಾಲದು.

ನಮ್ಮವರು ಎಡವುವುದು ಬಸ್ಸಾರಿನಲ್ಲಿ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದಲೇ ಸಾರು ಮಾಡುತ್ತೇವೆ. ಚೆಲ್ಲಬೇಕಾದದ್ದು ಆ ಕಟ್ಟನ್ನೇ. ರೋಗಿಗೆ ಪಲ್ಯ ಬಡಿಸಿ, ಸಾರು ಉಳಿದವರಿಗಿರಲಿ.

ಸಿಮ್ಮರ್: ಸಣ್ಣ ಉರಿಯಲ್ಲಿ ಕುದಿಸುವುದು

ಗ್ಯಾಸನ್ನು ‘ಸಿಮ್‌ನಲ್ಲಿಡು’ ಎನ್ನುವಾಗ ನಾವು ಬಳಸುವುದು ಇದೇ ಪದ. ನೀರು ಕೊತಕೊತ ಕುದಿಯಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು. ಇಲ್ಲಿ ನೀರು ಅಡುಗೆಯಲ್ಲೇ ಉಳಿಯುತ್ತದೆ.

ಬ್ರೇಸ್: ಹುರಿದು, ಮುಚ್ಚಿ ಬೇಯಿಸುವುದು

ಇದಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ. ಕೋಳಿಯನ್ನೋ ತರಕಾರಿಯನ್ನೋ ಮೊದಲು ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಹುರಿದು, ಸ್ವಲ್ಪವೇ ನೀರು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ತರಕಾರಿ ಬಿಟ್ಟ ಪೊಟ್ಯಾಸಿಯಂ ಗೊಜ್ಜಿನಲ್ಲೇ ಇರುತ್ತದೆ. ಆದ್ದರಿಂದ ರೋಗಿಗೆ ಹೀಗೆ ಮಾಡುವುದಾದರೆ ತರಕಾರಿಯನ್ನು ಮೊದಲೇ ಬೇಯಿಸಿ ಬಸಿದಿರಬೇಕು.

ಫೋಲ್ಡ್: ಮೆಲ್ಲಗೆ ಮಗುಚುವುದು

ಹುದುಗಿದ ಇಡ್ಲಿ ಹಿಟ್ಟನ್ನು ಗಾಳಿ ಹೋಗದಂತೆ ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚುತ್ತೇವಲ್ಲ, ಅದೇ. ಜೋರಾಗಿ ಕಲಕಬಾರದು.

ಗಮನಿಸಿ

ಬಸಿದ ಮೇಲೂ ತರಕಾರಿಯಲ್ಲಿ ಪೊಟ್ಯಾಸಿಯಂ ಉಳಿದಿರುತ್ತದೆ. ಹಾಗಾಗಿ ಚೀಟಿಯಲ್ಲಿ ಹೇಳಿದ ಅಳತೆ ಮೀರಬೇಡಿ. ಪೊಟ್ಯಾಸಿಯಂ ಕಡಿಮೆ ಮಾಡಲು ವೈದ್ಯರು ಹೇಳದಿದ್ದರೆ ನೀರು ಚೆಲ್ಲುವ ಅಗತ್ಯವಿಲ್ಲ. ಅದರೊಂದಿಗೆ ಸಿ ವಿಟಮಿನ್, ಫೋಲೇಟ್ ಕೂಡ ಹೋಗುತ್ತವೆ. ಚೀಟಿಯ ಪದ ಅರ್ಥವಾಗದಿದ್ದರೆ ಆಹಾರ ತಜ್ಞರನ್ನು ಹೀಗೆ ಕೇಳಿ: ‘ಬೇಯಿಸಿದ ನೀರನ್ನು ಚೆಲ್ಲಬೇಕೋ, ಬಳಸಬಹುದೋ?’