ವಿದೇಶದಲ್ಲಿರುವ ಗೆಳೆಯನ ಜೊತೆ ಫೈಟಿಂಗ್ ಗೇಮ್: ಎಂಬಿಪಿಎಸ್ ಹೆಚ್ಚಿದ್ದರೆ ಲ್ಯಾಗ್ ಹೋಗುತ್ತದೆಯೇ?

"300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಳ್ಳಿ, ಗೇಮ್ ಲ್ಯಾಗ್ ಆಗಲ್ಲ." "ರೋಲ್‌ಬ್ಯಾಕ್ ಇರುವ ಗೇಮ್ ಆದರೆ ಅಮೆರಿಕದವರ ಜೊತೆಗೂ ಪಕ್ಕದಲ್ಲೇ ಕೂತು ಆಡಿದ ಹಾಗಿರುತ್ತೆ." ಗೇಮ್ ಆಡುವವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಈ ಎರಡೂ ಮಾತು ಆಗಾಗ ಬರುತ್ತವೆ. ಮೊದಲನೆಯದು ಬಹುಪಾಲು ತಪ್ಪು. ಎರಡನೆಯದು ಅರ್ಧ ಸತ್ಯ.

ದೊಡ್ಡಬಳ್ಳಾಪುರದಲ್ಲಿ ನೀವು, ಸಿಂಗಾಪುರದಲ್ಲಿ ನಿಮ್ಮ ಗೆಳೆಯ ಎಂದುಕೊಳ್ಳಿ. ನೀವು ಒತ್ತಿದ ಬಟನ್ನಿನ ಸುದ್ದಿ ಬೆಂಗಳೂರು ದಾಟಿ, ಚೆನ್ನೈನಲ್ಲಿ ಸಮುದ್ರಕ್ಕಿಳಿಯುವ ಕೇಬಲ್ ಹಿಡಿದು ಸಿಂಗಾಪುರ ತಲುಪಬೇಕು. ದೂರ ಸುಮಾರು 3,500 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾಗಿ ಹೋಗಿ ಬರಲು ಕನಿಷ್ಠ 35 ಮಿಲಿಸೆಕೆಂಡ್ ಬೇಕೇ ಬೇಕು. ದಾರಿಯ ಯಂತ್ರಗಳಲ್ಲಿ ಆಗುವ ತಡವೂ ಸೇರಿ ಅದು 50, 60 ಆಗುತ್ತದೆ. ಇದೇ ಪಿಂಗ್. ಎಂಬಿಪಿಎಸ್ ಎನ್ನುವುದು ಪೈಪಿನ ಅಗಲ, ಪಿಂಗ್ ಎನ್ನುವುದು ಪೈಪಿನ ಉದ್ದ. ಅಗಲ ಮಾಡಿದರೆ ಉದ್ದ ಕಡಿಮೆಯಾಗುವುದಿಲ್ಲ. ಫೈಟಿಂಗ್ ಗೇಮ್ ಕಳಿಸುವುದು ಬಟನ್ ಒತ್ತಿದ ಮಾಹಿತಿ ಮಾತ್ರ, ಅದಕ್ಕೆ ತೀರಾ ಸಣ್ಣ ಪ್ಲಾನ್ ಕೂಡ ಸಾಕು.

ಇನ್ನು ರೋಲ್‌ಬ್ಯಾಕ್. ಈ ಗೇಮ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ, ಅಂದರೆ ಒಂದು ಫ್ರೇಮ್‌ಗೆ 16.67 ಮಿಲಿಸೆಕೆಂಡ್. ಹಳೆಯ ಪದ್ಧತಿಯಲ್ಲಿ ಗೆಳೆಯನ ಬಟನ್ ಬರುವವರೆಗೂ ಗೇಮ್ ಕಾಯುತ್ತಿತ್ತು. ರೋಲ್‌ಬ್ಯಾಕ್‌ನಲ್ಲಿ ಕಾಯುವುದಿಲ್ಲ. ಹಿಂದಿನ ಫ್ರೇಮ್‌ನಲ್ಲಿ ಅವನು ಏನು ಒತ್ತಿದ್ದನೋ ಈಗಲೂ ಅದನ್ನೇ ಒತ್ತಿದ್ದಾನೆ ಎಂದು ಊಹಿಸಿ ಮುಂದೆ ಹೋಗುತ್ತದೆ. ಆಮೇಲೆ ನಿಜವಾದ ಬಟನ್ ಬಂದಾಗ ಊಹೆ ತಪ್ಪಿದ್ದರೆ, ಆ ಫ್ರೇಮ್‌ಗೆ ಹಿಂದಿರುಗಿ ಸರಿಯಾಗಿ ಮತ್ತೆ ಲೆಕ್ಕ ಹಾಕಿ ಈಗಿನ ಫ್ರೇಮ್‌ಗೆ ಜಿಗಿಯುತ್ತದೆ. ಟೋನಿ ಕ್ಯಾನನ್ ಬರೆದ ಜಿಜಿಪಿಒ ಈ ವಿಧಾನವನ್ನು ಹೆಸರುವಾಸಿ ಮಾಡಿತು, 2019ರಲ್ಲಿ ಅದರ ಕೋಡ್ ಎಲ್ಲರಿಗೂ ಮುಕ್ತವಾಯಿತು. ಹೀಗೆ ರೋಲ್‌ಬ್ಯಾಕ್ ತಡವನ್ನು ಮರೆಮಾಡುತ್ತದೆ, ಆದರೆ ತಡ ಎಲ್ಲೂ ಹೋಗಿರುವುದಿಲ್ಲ.

ಅದಕ್ಕೇ ಜೊತೆಯಲ್ಲಿ ಇನ್‌ಪುಟ್ ಡಿಲೇ ಎಂಬ ಇನ್ನೊಂದು ಸೆಟ್ಟಿಂಗ್ ಇರುತ್ತದೆ. ಡಿಲೇ 2 ಎಂದು ಇಟ್ಟರೆ ನೀವು ಈಗ ಒತ್ತಿದ ಬಟನ್ ಎರಡು ಫ್ರೇಮ್ ಬಿಟ್ಟು ಕೆಲಸ ಮಾಡುತ್ತದೆ. ಆದರೆ ಅದರ ಸುದ್ದಿ ಮಾತ್ರ ಒತ್ತಿದ ಕ್ಷಣವೇ ಗೆಳೆಯನ ಕಡೆಗೆ ಹೊರಟಿರುತ್ತದೆ. ಅಂದರೆ ಸುದ್ದಿಗೆ ಎರಡು ಫ್ರೇಮ್ ಮುಂಚಿತವಾಗಿ ಹೊರಡುವ ಅವಕಾಶ ಸಿಕ್ಕಿತು.

ಹೆಚ್ಚಿನವರು ಎಡವುವುದು ಇಲ್ಲೇ. ನೀವು ಇಟ್ಟ ಡಿಲೇ ಕಡಿಮೆ ಮಾಡುವುದು ನಿಮ್ಮ ಪರದೆಯ ಜಿಗಿತವನ್ನಲ್ಲ, ಗೆಳೆಯನ ಪರದೆಯ ಜಿಗಿತವನ್ನು. ಇಬ್ಬರೂ ಬೇರೆ ಬೇರೆ ಡಿಲೇ ಇಟ್ಟುಕೊಳ್ಳಬಹುದಾದ ಗೇಮ್‌ನಲ್ಲಿ ನೀವು ಸೊನ್ನೆ ಇಟ್ಟರೆ ನಿಮ್ಮ ಕೈಗೆ ಹಗುರವಾಗಿರುತ್ತದೆ, ಅಲ್ಲಿ ಅವನಿಗೆ ನಿಮ್ಮ ಪಾತ್ರ ಮಾಯವಾಗಿ ಮಾಯವಾಗಿ ಕಾಣುತ್ತದೆ. "ನನ್ನ ಕಡೆ ಸೂಪರ್ ಆಗಿದೆ ಮಗಾ, ನಿನ್ನ ನೆಟ್ಟೇ ಸರಿಯಿಲ್ಲ" ಎಂಬ ಜಗಳ ಬಹಳ ಸಲ ಇದರಿಂದಲೇ ಹುಟ್ಟುವುದು. ಮ್ಯಾಚ್‌ಗೆ ಮುಂಚೆ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ನಿನ್ನ ಡಿಲೇ ಎಷ್ಟು ಇಟ್ಟಿದ್ದೀಯ?"

ಎಷ್ಟಿಡಬೇಕು ಎಂಬ ಲೆಕ್ಕ ಸುಲಭ. ಪಿಂಗ್‌ನಲ್ಲಿ ಅರ್ಧ ತೆಗೆದುಕೊಳ್ಳಿ, 16.67ರಿಂದ ಭಾಗಿಸಿ. ಸಿಂಗಾಪುರಕ್ಕೆ ಪಿಂಗ್ 60 ಇದ್ದರೆ ಒಂದು ಕಡೆಗೆ 30 ಮಿಲಿಸೆಕೆಂಡ್, ಅಂದರೆ ಸುಮಾರು 2 ಫ್ರೇಮ್. ಇಬ್ಬರೂ ಡಿಲೇ 2 ಇಟ್ಟರೆ ರೋಲ್‌ಬ್ಯಾಕ್ ಬಹುತೇಕ ಇರುವುದಿಲ್ಲ. 1 ಇಟ್ಟರೆ ಒಂದು ಫ್ರೇಮ್ ರೋಲ್‌ಬ್ಯಾಕ್, ಅದು ಕಣ್ಣಿಗೆ ಕಾಣುವುದೇ ಕಷ್ಟ. ನಾವಾದರೆ 1ರಿಂದ ಶುರು ಮಾಡುತ್ತೇವೆ.

ಗೆಳೆಯ ನ್ಯೂಜೆರ್ಸಿಯಲ್ಲಿದ್ದರೆ ಕಥೆ ಬೇರೆ. ಪಿಂಗ್ 240 ಎಂದಿಟ್ಟುಕೊಂಡರೆ ಒಂದು ಕಡೆಗೆ 7 ಫ್ರೇಮ್ ಮೀರುತ್ತದೆ. ಡಿಲೇ 3 ಇಟ್ಟರೂ ನಾಲ್ಕು ಫ್ರೇಮ್ ರೋಲ್‌ಬ್ಯಾಕ್ ಉಳಿಯುತ್ತದೆ. ಸ್ಟ್ರೀಟ್ ಫೈಟರ್ 6ರಲ್ಲಿ ಅತಿ ವೇಗದ ಗುದ್ದು ನಾಲ್ಕನೇ ಫ್ರೇಮ್‌ಗೇ ತಗಲುತ್ತದೆ. ಇಷ್ಟು ರೋಲ್‌ಬ್ಯಾಕ್ ಇದ್ದರೆ ಅಂಥ ಗುದ್ದು ಶುರುವಾದದ್ದೇ ಕಾಣದೆ ನೇರವಾಗಿ ಬಿದ್ದಂತೆ ಕಾಣುತ್ತದೆ. ಆಡಬಹುದು, ಆದರೆ ಪಕ್ಕದಲ್ಲಿ ಕೂತು ಆಡಿದ ಹಾಗಂತೂ ಇರುವುದಿಲ್ಲ. ಜಿಜಿಪಿಒ ಊಹಿಸಿ ಮುಂದೆ ಹೋಗುವುದೂ 8 ಫ್ರೇಮ್‌ವರೆಗೆ ಮಾತ್ರ, ಅದು ಮೀರಿದರೆ ಗೇಮ್ ನಿಂತು ಕಾಯುತ್ತದೆ.

ಸ್ಕಲ್‌ಗರ್ಲ್ಸ್‌ನಂಥ ಗೇಮ್‌ಗಳಲ್ಲಿ ಡಿಲೇ ನಾವೇ ಆರಿಸಬಹುದು. ಹಲವು ಹೊಸ ಗೇಮ್‌ಗಳು ಅದನ್ನು ತಾವೇ ನಿರ್ಧರಿಸುತ್ತವೆ, ಅಲ್ಲಿ ನಿಮ್ಮ ಕೈಯಲ್ಲಿ ಉಳಿಯುವುದು ಪಿಂಗ್ ಸ್ಥಿರವಾಗಿರುವಂತೆ ನೋಡಿಕೊಳ್ಳುವುದಷ್ಟೇ.

ಸ್ಥಿರ ಎಂಬ ಮಾತು ಮುಖ್ಯ. 90ರಲ್ಲೇ ನಿಂತ ಪಿಂಗ್, 50ಕ್ಕೂ 150ಕ್ಕೂ ನಡುವೆ ಕುಣಿಯುವ ಪಿಂಗ್‌ಗಿಂತ ಎಷ್ಟೋ ಒಳ್ಳೆಯದು, ಏಕೆಂದರೆ ಕುಣಿಯುವ ಪಿಂಗ್‌ಗೆ ಯಾವ ಡಿಲೇ ಇಟ್ಟರೂ ಹೊಂದುವುದಿಲ್ಲ. ಕುಣಿತ ನಿಮ್ಮ ಮನೆಯೊಳಗಿನದೋ ಹೊರಗಿನದೋ ಎಂದು ತಿಳಿಯಲು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೂಟರ್‌ಗೇ ಪಿಂಗ್ ಕಳಿಸಿ:

```
ipconfig
ping -n 100 192.168.1.1
```

ಮೊದಲ ಸಾಲು ಕೊಡುವ ಮಾಹಿತಿಯಲ್ಲಿ Default Gateway ಎದುರಿನ ನಂಬರೇ ನಿಮ್ಮ ರೂಟರ್. ಅದು ಬೇರೆಯಿದ್ದರೆ ಎರಡನೇ ಸಾಲಿನಲ್ಲಿ ಅದನ್ನೇ ಹಾಕಿ. ಕೊನೆಯಲ್ಲಿ Maximum ಎಂಬಲ್ಲಿ 2, 3 ಇದ್ದರೆ ಮನೆಯೊಳಗೆ ತೊಂದರೆಯಿಲ್ಲ. ಅಲ್ಲೇ 80, 100 ಕಂಡರೆ ತಪ್ಪು ವೈಫೈಯದು, ಸಮುದ್ರದ ಕೇಬಲ್‌ನದಲ್ಲ. ವೈಫೈ ಕಡ್ಡಿಗಳು ಪೂರ್ತಿ ಇದ್ದರೂ ಹೀಗಾಗಬಹುದು, ಪಕ್ಕದ ಮನೆಗಳ ವೈಫೈ ಅದೇ ಚಾನೆಲ್‌ನಲ್ಲಿದ್ದರೆ ಸಾಕು. ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಒಂದು ಲ್ಯಾನ್ ಕೇಬಲ್ ಹಾಕಿ ಮತ್ತೆ ಪರೀಕ್ಷಿಸಿ. ಕೇಬಲ್ ಹಾಕಿದ ಮೇಲೆ ರೂಟರ್‌ವರೆಗಿನ ಪಿಂಗ್ ಸರಿಯಿದ್ದು, ಮನೆಯಲ್ಲಿ ಯಾರಾದರೂ ದೊಡ್ಡ ವಿಡಿಯೋ ಅಪ್‌ಲೋಡ್ ಮಾಡುವಾಗ ಮಾತ್ರ ಗೇಮ್ ಎಗರಿದರೆ ರೂಟರ್‌ನಿಂದ ಆಚೆಗೆ ಸಾಲು ಕಟ್ಟಿದೆ ಎಂದರ್ಥ. ಆ ಅಪ್‌ಲೋಡ್ ಮುಗಿಯುವವರೆಗೆ ಕಾಯುವುದೇ ಸರಿ. ಹೆಚ್ಚು ಎಂಬಿಪಿಎಸ್ ಸ್ವಲ್ಪವಾದರೂ ಸಹಾಯ ಮಾಡುವುದು ಈ ಒಂದು ಸಂದರ್ಭದಲ್ಲಿ.

ಮನೆಯಲ್ಲಿ ಎಲ್ಲ ಸರಿಯಿದ್ದೂ ಪಿಂಗ್ ಇದ್ದಕ್ಕಿದ್ದಂತೆ ಏರಿ ದಿನಗಟ್ಟಲೆ ಅಲ್ಲೇ ನಿಂತರೆ ದಾರಿಯೇ ಬದಲಾಗಿರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದಾಗ ಭಾರತದ ಕೆಲವು ಸಂಪರ್ಕಗಳು ಹೀಗೇ ನಿಧಾನವಾಗಿದ್ದವು. ಆಗ ಡಿಲೇ ಒಂದೆರಡು ಫ್ರೇಮ್ ಏರಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಯಾವ ಪಿಂಗ್ ಬೂಸ್ಟರ್ ಆ್ಯಪ್ ಕೂಡ ತುಂಡಾದ ಕೇಬಲ್ ಜೋಡಿಸುವುದಿಲ್ಲ.

ಆಡುವಾಗ ಏನು ತಪ್ಪಿದೆ ಎಂದು ಕೈಯೇ ಹೇಳುತ್ತದೆ. ಬಟನ್ ಸದಾ ಭಾರ ಎನಿಸಿದರೆ ನಿಮ್ಮ ಡಿಲೇ ಹೆಚ್ಚಾಗಿದೆ, ಒಂದು ಇಳಿಸಿ. ಎದುರಾಳಿ ಜಿಗಿಯುತ್ತಿದ್ದರೆ ಅವನಿಗೆ ಒಂದು ಏರಿಸಲು ಹೇಳಿ. ಪಿಂಗ್ ಚೆನ್ನಾಗಿದ್ದೂ ಇಡೀ ಗೇಮ್ ನಿಧಾನಗತಿಯಲ್ಲಿ ತೆವಳಿದರೆ ನೆಟ್ ಬಿಟ್ಟು ಇಬ್ಬರ ಲ್ಯಾಪ್‌ಟಾಪ್ ನೋಡಿ. ಹಿಂದಿರುಗಿದಾಗಲೆಲ್ಲ ಹಲವು ಫ್ರೇಮ್‌ಗಳನ್ನು 16 ಮಿಲಿಸೆಕೆಂಡ್‌ನೊಳಗೆ ಮತ್ತೆ ಲೆಕ್ಕ ಹಾಕಬೇಕು, ಹಳೆಯ ಯಂತ್ರಕ್ಕೆ ಅದು ಆಗುವುದಿಲ್ಲ. ಒಬ್ಬರದು ಹಿಂದೆ ಬಿದ್ದರೆ ಇನ್ನೊಬ್ಬರ ಗೇಮ್ ಕೂಡ ಅದಕ್ಕಾಗಿ ನಿಧಾನವಾಗುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿ, ಹಿಂದೆ ಓಡುತ್ತಿರುವ ಬ್ರೌಸರ್ ಮುಚ್ಚಿ ನೋಡಿ.